ತಂಗಳನ್ನದ ತಿಳಿ: ಮಕ್ಕಳಿಗೆ ಕೊಡುವ ಮುನ್ನ

ಬೇಸಿಗೆ ಬಂತೆಂದರೆ ನಮ್ಮ ಕರಾವಳಿಯ ಮನೆಗಳಲ್ಲಿ ಬೆಳಿಗ್ಗೆ ತಂಗಳನ್ನ. ರಾತ್ರಿ ಮಿಕ್ಕ ಕುಚ್ಚಲಕ್ಕಿ ಅನ್ನಕ್ಕೆ ನೀರು ಹೊಯ್ದಿಟ್ಟು, ಬೆಳಿಗ್ಗೆ ಕಿವುಚಿ, ಮಜ್ಜಿಗೆ ಬೆರೆಸಿ, ಜೊತೆಗೊಂದು ಹಸಿಮೆಣಸು. ಅನ್ನಕ್ಕಿಂತ ಅದರ ಮೇಲೆ ನಿಂತ ಹುಳಿ ತಿಳಿಗೇ ನಮ್ಮಲ್ಲಿ ಬೇಡಿಕೆ ಹೆಚ್ಚು. ನಾನು ಆ ತಿಳಿ ಕುಡಿದೇ ಬೆಳೆದವಳು, ಮುಂದೆ ಕಾಲೇಜಿನಲ್ಲಿ ಆಹಾರ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡಿದವಳು. ಮಗಳು ಮೂರು ವರ್ಷದ ಮಗನನ್ನೂ ಎಂಟು ತಿಂಗಳ ಕೂಸನ್ನೂ ಕರೆದುಕೊಂಡು ಬಂದಾಗ "ಅಮ್ಮಾ, ಇದನ್ನ ಇಬ್ಬರಿಗೂ ಕೊಡಬಹುದಾ?" ಎಂದು ಕೇಳಿದಳು. ದೊಡ್ಡವನಿಗೆ ಕೊಡಬಹುದು, ಆದರೆ ಕ್ರಮವಿದೆ; ಕೂಸಿಗೆ ಬೇಡ ಎಂದೆ. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಅನ್ನ ಬೇಯುವಾಗ ಅದರಲ್ಲಿದ್ದ ಬಹುತೇಕ ಜೀವಾಣುಗಳು ಸಾಯುತ್ತವೆ. ಆಮೇಲೆ ನೀರು, ಪಾತ್ರೆ, ಸೌಟು, ಕೈ, ಮಜ್ಜಿಗೆ ಇವುಗಳಿಂದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಬಂದು ಸೇರುತ್ತವೆ. ಲ್ಯೂಕೊನೊಸ್ಟಾಕ್, ಲ್ಯಾಕ್ಟೊಬ್ಯಾಸಿಲಸ್ ಗುಂಪಿನವು ಇವು, ಮೊಸರು ಮಾಡುವವುಗಳ ಹತ್ತಿರದ ಬಂಧುಗಳು. ನೀರಿಗೆ ಬಿಟ್ಟುಕೊಂಡ ಸಕ್ಕರೆಯ ಅಂಶವನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾಡುತ್ತವೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ನಮ್ಮ ಮನೆಯ ತಿಳಿಗೆ ಬೆಳಿಗ್ಗೆ ಪಿಎಚ್ ಪಟ್ಟಿ ಅದ್ದಿ ನೋಡಿದಾಗ 4.2ರ ಆಸುಪಾಸು ಇತ್ತು. ಡಿಸೆಂಬರಿನಲ್ಲಿ ಬೆಂಗಳೂರಿನ ಮಗಳ ಮನೆಯಲ್ಲಿ ಅದೇ ಅಕ್ಕಿ, ಅದೇ ಅಳತೆ. ಬೆಳಿಗ್ಗೆ ಪಟ್ಟಿ 5.8ರಲ್ಲೇ ನಿಂತಿತ್ತು. ಚಳಿಗೆ ಬ್ಯಾಕ್ಟೀರಿಯಾ ನಿಧಾನಿಸುತ್ತದೆ. ಅಂಥ ತಿಳಿಯನ್ನು ಹುದುಗಿದ್ದು ಎಂದು ಕರೆಯಲಾಗದು, ಅದು ರಾತ್ರಿಯಿಡೀ ಹೊರಗಿದ್ದ ಅನ್ನದ ನೀರು ಅಷ್ಟೇ. ಪಿಎಚ್ 4.6ಕ್ಕಿಂತ ಕೆಳಗಿಳಿದರೆ ಆಹಾರ ಕೆಡಿಸುವ, ಕಾಯಿಲೆ ತರುವ ಹೆಚ್ಚಿನ ಜೀವಾಣುಗಳಿಗೆ ಅಲ್ಲಿ ಬೆಳೆಯುವುದು ಕಷ್ಟ. ತಂಗಳನ್ನದ ರಕ್ಷಣೆಯೆಲ್ಲ ಈ ಹುಳಿಯಲ್ಲಿದೆ.

ಆದರೆ ಹುಳಿ ಬರಲು ಗಂಟೆಗಟ್ಟಲೆ ಬೇಕು. ತೊಂದರೆ ಶುರುವಾಗುವುದು ಆ ಗಂಟೆಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ನೀರು ಹೊಯ್ಯುವುದಕ್ಕೂ ಮೊದಲಿನ ಗಂಟೆಗಳಲ್ಲಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಕುದಿಯುವ ನೀರಿನಲ್ಲೂ ಅವು ಸಾಯುವುದಿಲ್ಲ. ಅನ್ನ ಉಗುರು ಬೆಚ್ಚಗೆ ಕೂತಿರುವಾಗ ಮೊಳೆತು, ವಾಂತಿ ಬರಿಸುವ ಸೆರ್ಯೂಲೈಡ್ ಎಂಬ ವಿಷವನ್ನು ಬಿಡುತ್ತವೆ. ಈ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಹುಳಿಯಿಂದಲೂ ನಾಶವಾಗುವುದಿಲ್ಲ, ಮತ್ತೆ ಕುದಿಸಿದರೂ ಹೋಗುವುದಿಲ್ಲ.

ನಮ್ಮ ನೆರೆಮನೆಯಲ್ಲಿ ನಡೆದದ್ದು ನೋಡಿ. ಪೂಜೆಯ ಊಟಕ್ಕೆ ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಸಿದ ಅನ್ನ ದೊಡ್ಡ ಪಾತ್ರೆಯಲ್ಲಿ, ಮುಚ್ಚಳ ಹಾಕಿ, ರಾತ್ರಿ ಒಂಬತ್ತರವರೆಗೆ ಹಾಗೇ ಇತ್ತು. ಆಮೇಲೆ ನೀರು ಹೊಯ್ದರು. ಬೆಳಿಗ್ಗೆ ಹದವಾಗಿ ಹುಳಿ ಬಂದಿತ್ತು, ವಾಸನೆಯೂ ಚೆನ್ನಾಗಿತ್ತು. ದೊಡ್ಡವರು ಉಂಡರು, ಏನೂ ಆಗಲಿಲ್ಲ. ನಾಲ್ಕು ವರ್ಷದ ಮಗು ಒಂದು ಬಟ್ಟಲು ಉಂಡು ಎರಡು ಗಂಟೆಯೊಳಗೆ ವಾಂತಿ ಮಾಡಲು ಶುರುಮಾಡಿತು, ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ ಮಲಗಿಬಿಟ್ಟಿತು. ಅನ್ನವನ್ನು ಯಾರೂ ಪರೀಕ್ಷೆಗೆ ಕಳಿಸಲಿಲ್ಲ, ಹಾಗಾಗಿ ಇಂಥದ್ದೇ ಎಂದು ನಾನು ಸಾಧಿಸಲಾರೆ. ಆದರೆ ಉಂಡ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಬರುವುದು ಸೆರ್ಯೂಲೈಡಿನ ಲಕ್ಷಣ. ಹತ್ತು ಗಂಟೆ ಕಾಲ ಪಾತ್ರೆಯ ನಡುವೆ ಬೆಚ್ಚಗಿದ್ದ ಅನ್ನ ಅದಕ್ಕೆ ಹೇಳಿ ಮಾಡಿಸಿದ ಜಾಗ. ರಾತ್ರಿ ಬಂದ ಹುಳಿ ಹೊಸದಾಗಿ ಬೆಳೆಯುವುದನ್ನು ತಡೆದಿರಬಹುದು, ಹಗಲೇ ಹುಟ್ಟಿದ ವಿಷವನ್ನು ಅದು ಏನೂ ಮಾಡಲಾರದು. ಮಗುವಿನ ಮೈತೂಕ ಕಡಿಮೆ, ಅದೇ ಬಟ್ಟಲು ಅದಕ್ಕೆ ಹೆಚ್ಚಾಗುತ್ತದೆ.

ಅಂದಿನಿಂದ ನಮ್ಮ ಮನೆಯಲ್ಲಿ ಮಕ್ಕಳಿಗೆಂದು ಹಾಕುವ ತಂಗಳಿಗೆ ರಾತ್ರಿಯೂಟಕ್ಕೆ ಮಾಡಿದ ಅನ್ನವೇ ಆಗಬೇಕು. ಬೆಂದ ಕೂಡಲೇ ಮೊದಲು ಅವರ ಪಾಲನ್ನು ಶುಚಿಯಾದ ಸೌಟಿನಿಂದ ಅಗಲ ತಟ್ಟೆಗೆ ತೆಗೆದು ಹರಡುತ್ತೇನೆ. ಒಂದು ಗಂಟೆಯೊಳಗೆ ಅದು ಪೂರ್ತಿ ಆರಿರಬೇಕು. ಒಂದು ಲೋಟ ಅನ್ನಕ್ಕೆ ಕುದಿಸಿ ಆರಿಸಿದ ನೀರು ಎರಡು ಲೋಟ, ಜೊತೆಗೆ ಒಂದು ದೊಡ್ಡ ಚಮಚ ಮನೆಯ ಹುಳಿಮಜ್ಜಿಗೆ. ಈ ಮಜ್ಜಿಗೆ ಬಹಳ ಮುಖ್ಯ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಮೊದಲೇ ದಂಡಿಯಾಗಿ ಇದ್ದರೆ ಹುಳಿ ಬೇಗ ಬರುತ್ತದೆ, ಉಳಿದವಕ್ಕೆ ಬೆಳೆಯಲು ಹೊತ್ತು ಸಿಗುವುದಿಲ್ಲ. ಸೆಕೆಗಾಲದಲ್ಲಿ ಎಂಟರಿಂದ ಹತ್ತು ಗಂಟೆ ಸಾಕು. ಬೆಳಿಗ್ಗೆ ನಾಲಿಗೆಗೆ ಸ್ಪಷ್ಟವಾದ ಹುಳಿ ಸಿಗದಿದ್ದರೆ, ಬೆರಳಿಗೆ ಲೋಳೆ ಹತ್ತಿ ನೂಲೆಳೆದರೆ, ಮೇಲೆ ಬಣ್ಣದ ಪೊರೆ ಕಂಡರೆ ಚೆಲ್ಲುತ್ತೇನೆ. ಬೆಳಗಿನ ಊಟ ಮುಗಿದ ಮೇಲೆ ಮಿಕ್ಕದ್ದನ್ನು ಮಧ್ಯಾಹ್ನಕ್ಕೆಂದು ಇಡುವುದಿಲ್ಲ.

ಇನ್ನು ಉಪ್ಪು. ಬರೀ ಅನ್ನ, ನೀರುಗಳಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ, ಹುಳಿ ಬರಲು ಉಪ್ಪು ಬೇಕಾಗಿಯೂ ಇಲ್ಲ. ತಿಳಿಯ ಉಪ್ಪೆಲ್ಲ ಬೆಳಿಗ್ಗೆ ನಾವು ಹಾಕಿದ್ದು. ಅತ್ತೆ ಒಂದು ಲೋಟ ತಿಳಿಗೆ ಮೂರು ಬೆರಳಲ್ಲಿ ಎತ್ತಿ ಹಾಕುವ ಹರಳುಪ್ಪನ್ನು ಒಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ. 2 ಗ್ರಾಂ ತೋರಿಸಿತು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಒಂದರಿಂದ ಮೂರು ವರ್ಷದ ಮಕ್ಕಳಿಗೆ ಇಡೀ ದಿನಕ್ಕೆ ಹೇಳುವ ಮಿತಿಯೇ 2 ಗ್ರಾಂ. ವರ್ಷ ತುಂಬದ ಕೂಸಿಗೆ 1 ಗ್ರಾಂಗಿಂತಲೂ ಕಡಿಮೆ. ಅಂದರೆ ಬೆಳಗಿನ ಒಂದೇ ಲೋಟದಲ್ಲಿ ಹುಡುಗನ ಇಡೀ ದಿನದ ಪಾಲು ಮುಗಿಯಿತು. ಮೇಲೆ ಮಿಡಿ ಉಪ್ಪಿನಕಾಯಿ ನೆಕ್ಕಿಸಿದರೆ ಇನ್ನೂ ಏರಿತು. ಅತ್ತೆಗೆ ತಕ್ಕಡಿ ತೋರಿಸಿದೆ. "ಹಾಗಾದ್ರೆ ಅವನ ಲೋಟ ಮೊದಲೇ ತೆಗೆದಿಡು, ಉಪ್ಪು ನಮಗೆ ಸಾಕು" ಎಂದರು. ಈಗ ಅವನ ಅರ್ಧ ಲೋಟ ತಿಳಿಗೆ ಉಪ್ಪಿಲ್ಲ, ಒಂದೆರಡು ಕರಿಬೇವಿನ ಎಲೆ ಹರಿದು ಹಾಕಿದರೆ ಇಷ್ಟಪಟ್ಟು ಕುಡಿಯುತ್ತಾನೆ.

ಕೂಸಿನ ವಿಷಯ ಬೇರೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ. ಆಮೇಲೂ ಆ ಪುಟ್ಟ ಹೊಟ್ಟೆಯಲ್ಲಿ ತೆಳ್ಳನೆಯ ತಿಳಿ ತುಂಬಿದರೆ ಹಾಲಿಗೂ ಗಟ್ಟಿ ಆಹಾರಕ್ಕೂ ಜಾಗ ಉಳಿಯುವುದಿಲ್ಲ. ತಿಳಿಯಲ್ಲಿರುವುದು ಹೆಚ್ಚಾಗಿ ನೀರು. ಜೊತೆಗೆ ಎಲ್ಲವೂ ಸರಿಯಾಗಿ ಹುದುಗಿದೆಯೇ ಎಂಬ ಅನುಮಾನಕ್ಕೆ ಕೂಸನ್ನು ಒಡ್ಡುವ ಅಗತ್ಯವಿಲ್ಲ. ಮಗಳು ಅದಕ್ಕೆ ಆಗಷ್ಟೇ ಬೇಯಿಸಿದ ಅನ್ನ, ಹೆಸರುಬೇಳೆಯನ್ನು ಚಮಚದಿಂದ ಜಾರದಷ್ಟು ಗಟ್ಟಿಯಾಗಿ ಕಿವುಚಿ, ತುಪ್ಪ ಹಾಕಿ ತಿನ್ನಿಸುತ್ತಾಳೆ. ವರ್ಷ ತುಂಬಿದ ಮೇಲೂ ಅವಧಿಗೆ ಮುನ್ನ ಹುಟ್ಟಿದ, ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳಿಗೆ ವೈದ್ಯರನ್ನು ಕೇಳದೆ ಇದನ್ನು ಕೊಡಬಾರದು.

ಒಂದು ರಾತ್ರಿ ನೆನೆದರೆ ಅನ್ನದ ಕಬ್ಬಿಣದ ಅಂಶ ಇಪ್ಪತ್ತು ಪಟ್ಟು ಹೆಚ್ಚುತ್ತದೆ ಎಂಬ ಸಂದೇಶ ಪ್ರತಿ ಬೇಸಿಗೆ ಮೊಬೈಲಿಗೆ ಬರುತ್ತದೆ. ಬ್ಯಾಕ್ಟೀರಿಯಾ ಕಬ್ಬಿಣವನ್ನು ಹುಟ್ಟಿಸಲಾರದು. ಹುಳಿಯಿಂದ ಫೈಟೇಟ್ ಕಡಿಮೆಯಾಗಿ, ಇರುವ ಕಬ್ಬಿಣ ಮೈಗೆ ಹತ್ತುವುದು ಸ್ವಲ್ಪ ಸುಲಭವಾಗಬಹುದು, ಅಷ್ಟೇ. ರಕ್ತ ಕಡಿಮೆಯಿರುವ ಮಗುವಿಗೆ ಇದನ್ನೇ ಔಷಧಿಯೆಂದು ನಂಬಿ ಕೂರಬೇಡಿ. ಬೇಧಿಯಾದಾಗ ಒಆರ್‌ಎಸ್ ಬದಲಿಗೆ ಉಪ್ಪು ಹಾಕಿದ ಹುಳಿ ತಿಳಿ ಕೊಡುವುದೂ ಬೇಡ. ಒಆರ್‌ಎಸ್‌ನಲ್ಲಿ ಉಪ್ಪು, ಗ್ಲೂಕೋಸ್ ಅಳತೆ ಪ್ರಕಾರ ಇರುತ್ತದೆ, ಕೈಯಂದಾಜಿನ ಉಪ್ಪು ಹೆಚ್ಚಾದರೆ ಬಳಲಿದ ಮಗುವಿಗೆ ಅದೇ ಅಪಾಯ.

ತಂಗಳನ್ನ ಉಂಡ ಮಗು ವಾಂತಿ ಮಾಡತೊಡಗಿದರೆ, ಬಾಯಿ ಒಣಗಿ ಮಂಕಾದರೆ, ಮೂತ್ರ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಮಗು ಎಷ್ಟು ಹೊತ್ತಿಗೆ ಉಂಡಿತು ಎಂಬುದರ ಜೊತೆಗೆ, ಆ ಅನ್ನ ಹಿಂದಿನ ದಿನ ಎಷ್ಟು ಹೊತ್ತಿಗೆ ಬೆಂದಿತ್ತು ಎಂಬುದನ್ನೂ ಮರೆಯದೆ ಹೇಳಿ.