ಒಂದೇ ಸಮೀಕರಣ ಹಿಡಿದು ಲ್ಯಾಪ್ಲಾಸ್‌ವರೆಗೆ

ಕೆಲಸ ಮುಗಿದ ಮೇಲೆ ದಿನಕ್ಕೊಂದು ಗಂಟೆ, ಒಟ್ಟು ಆರು ವಾರ. ಅವಕಲ ಸಮೀಕರಣಗಳನ್ನು ಮತ್ತೆ ಕಲಿಯಲು ಕೂತಾಗ ನನ್ನ ಬಳಿ ಇದ್ದ ಸಮಯ ಇಷ್ಟೇ. ಹಾಗಾಗಿ ಎಕ್ಸಾಕ್ಟ್ ಸಮೀಕರಣ, ಬರ್ನೂಲಿ, ಸರಣಿ ವಿಧಾನಗಳನ್ನು ಬದಿಗಿಟ್ಟೆ. ಲ್ಯಾಪ್ಲಾಸ್ ಮುಟ್ಟಲು ಅವು ಬೇಕಾಗುವುದಿಲ್ಲ. ಪ್ರತಿದಿನ ಮೊದಲ ಕಾಲು ಗಂಟೆ ಹಿಂದಿನ ದಿನದ ಲೆಕ್ಕವನ್ನೇ ಪುಸ್ತಕ ಮುಚ್ಚಿ ಮತ್ತೆ ಮಾಡುತ್ತಿದ್ದೆ. ಹೊಸ ಪಾಠ ಆಮೇಲೆ.

ಮೊದಲ ವಾರ ಚರಗಳನ್ನು ಬೇರ್ಪಡಿಸುವ ವಿಧಾನ. ಇಲ್ಲಿ ಜನಸಂಖ್ಯೆಯ ಲಾಜಿಸ್ಟಿಕ್ ಸಮೀಕರಣವನ್ನು ತಪ್ಪದೆ ಬಿಡಿಸಬೇಕು, ಏಕೆಂದರೆ ಅದು ಪಾರ್ಶಿಯಲ್ ಫ್ರ್ಯಾಕ್ಷನ್ ಕೇಳುತ್ತದೆ. ಐದನೇ ವಾರದಲ್ಲಿ ಜನ ಎಡವುವುದು ಬಹುಪಾಲು ಲ್ಯಾಪ್ಲಾಸ್‌ನಲ್ಲಲ್ಲ, ಈ ಬೀಜಗಣಿತದಲ್ಲಿ. ಎರಡನೇ ವಾರ ಇಂಟಿಗ್ರೇಟಿಂಗ್ ಫ್ಯಾಕ್ಟರ್. ಮೂರು, ನಾಲ್ಕನೇ ವಾರಗಳು ಸ್ಥಿರ ಗುಣಾಂಕಗಳ ಎರಡನೇ ದರ್ಜೆಯ ಸಮೀಕರಣಗಳಿಗೆ. ಐದರಲ್ಲಿ ಲ್ಯಾಪ್ಲಾಸ್ ಕೋಷ್ಟಕ, ಆರರಲ್ಲಿ ಸ್ಟೆಪ್ ಫಂಕ್ಷನ್.

ನನಗೆ ಹೆಚ್ಚು ಕಲಿಸಿದ್ದು ಒಂದೇ ಸಮೀಕರಣವನ್ನು ಕೊನೆಯವರೆಗೂ ಜೊತೆಗಿಟ್ಟುಕೊಂಡಿದ್ದು: y' + 2y = 6, y(0) = 0. ಚರ ಬೇರ್ಪಡಿಸಿದರೂ, e^(2t)ಯಿಂದ ಗುಣಿಸಿದರೂ ಉತ್ತರ y = 3(1 − e^(−2t)). ಐದನೇ ವಾರ ಅದನ್ನೇ ಲ್ಯಾಪ್ಲಾಸ್‌ನಲ್ಲಿ ಮಾಡಿದಾಗ Y = 6/(s(s+2)) ಬರುತ್ತದೆ. ಒಡೆದರೆ 3/s − 3/(s+2). ಕೋಷ್ಟಕ ನೋಡಿದರೆ ಮತ್ತದೇ ಉತ್ತರ. ಉತ್ತರ ಮೊದಲೇ ಗೊತ್ತಿದ್ದುದರಿಂದ ಹೊಸ ವಿಧಾನದ ಒಂದೊಂದು ಹೆಜ್ಜೆಯನ್ನೂ ನಂಬಿಕೊಂಡು ಮುಂದೆ ಹೋಗಬಹುದಿತ್ತು.

ಇಷ್ಟಕ್ಕೇ ಲ್ಯಾಪ್ಲಾಸ್ ಏಕೆ ಬೇಕು ಎಂಬ ಪ್ರಶ್ನೆ ಇಲ್ಲಿ ಏಳಲೇಬೇಕು. ಉತ್ತರ ಆರನೇ ವಾರದಲ್ಲಿದೆ. ಬಲಬದಿಯ 6 ಅನ್ನು t = 1ರಲ್ಲಿ ಸ್ವಿಚ್ ಆರಿಸಿದಂತೆ ಸೊನ್ನೆ ಮಾಡಿ. ಹಳೆಯ ವಿಧಾನದಲ್ಲಾದರೆ ಲೆಕ್ಕವನ್ನು ಎರಡು ತುಂಡು ಮಾಡಿ ಜೋಡಿಸಬೇಕು. ಲ್ಯಾಪ್ಲಾಸ್‌ನಲ್ಲಿ ಬಲಬದಿ 6(1 − e^(−s))/s ಆಗುತ್ತದೆ, ಅಷ್ಟೇ. ಉತ್ತರ ಹೀಗಿರುತ್ತದೆ:

y = 3(1 − e^(−2t)) − u(t−1)·3(1 − e^(−2(t−1)))

ಇಲ್ಲಿ ಸಾಮಾನ್ಯ ತಪ್ಪು ಎಂದರೆ, ಎರಡನೇ ಪದದಲ್ಲಿ u ಮಾತ್ರ ಬರೆದು, ಒಳಗಿನ t ಅನ್ನು t−1 ಮಾಡಲು ಮರೆಯುವುದು. ಕೋಷ್ಟಕ ನೋಡಿದರೆ ಈ ತಪ್ಪು ಕಾಣುವುದಿಲ್ಲ. t = 1ರ ಆಚೀಚೆ ಬೆಲೆ ಹಾಕಿ ನೋಡಿದರೆ ಕೂಡಲೇ ಸಿಕ್ಕಿಬೀಳುತ್ತದೆ. ಸರಿ ಉತ್ತರದಲ್ಲಿ y ಎರಡೂ ಕಡೆಯಿಂದ ಸುಮಾರು 2.59ಕ್ಕೆ ಬಂದು ಸೇರಿ, ಅಲ್ಲಿಂದ ಮೆಲ್ಲಗೆ ಇಳಿಯುತ್ತದೆ. ತಪ್ಪು ಉತ್ತರದಲ್ಲಿ ಎರಡು ಪದಗಳೂ ಒಂದನ್ನೊಂದು ಅಳಿಸಿಹಾಕಿ y ಒಮ್ಮೆಲೇ ಸೊನ್ನೆಗೆ ಬೀಳುತ್ತದೆ. ಬಲಬದಿ ಹಠಾತ್ತಾಗಿ ಬದಲಾದರೆ ಜಿಗಿಯುವುದು y', y ಅಲ್ಲ.

ಈ ಪರೀಕ್ಷೆಗೂ ಒಂದು ಮಿತಿಯಿದೆ. ಬಲಬದಿಗೆ ಡೆಲ್ಟಾ ಫಂಕ್ಷನ್ ಬಂದರೆ, ಅಂದರೆ y' + 2y = δ(t−1) ಆದರೆ, t = 1ರಲ್ಲಿ y ನಿಜವಾಗಿಯೂ 1ರಷ್ಟು ಜಿಗಿಯುತ್ತದೆ. ಅಲ್ಲಿ ಜಿಗಿತ ಕಾಣದಿದ್ದರೇ ಲೆಕ್ಕ ತಪ್ಪಿದೆ ಎಂದರ್ಥ.