ಸ್ಕ್ಯಾನ್ ಮಾಡಿದ ಲೆಕ್ಕದಲ್ಲಿ 6 ಯಾಕೆ 8 ಆಗುತ್ತದೆ?

2013ರಲ್ಲಿ ಡೇವಿಡ್ ಕ್ರೀಸೆಲ್ ಎಂಬ ಜರ್ಮನಿಯ ಕಂಪ್ಯೂಟರ್ ತಜ್ಞರು ಝೆರಾಕ್ಸ್ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಆದ ಒಂದು ಕಟ್ಟಡದ ನಕ್ಷೆಯನ್ನು ಪರಿಶೀಲಿಸಿದರು. ಮೂಲದಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 21.11 ಮತ್ತು 17.42 ಚದರ ಮೀಟರ್. ಸ್ಕ್ಯಾನ್ ಪ್ರತಿಯಲ್ಲಿ ಮೂರಕ್ಕೂ 14.13! ಒಂದು ವೆಚ್ಚದ ಪಟ್ಟಿಯಲ್ಲಿಯೂ 65 ಇದ್ದದ್ದು 85 ಆಗಿತ್ತು. ಅಕ್ಷರ ಗುರುತಿಸುವ ಓಸಿಆರ್‌ನ ತಪ್ಪು ಇದಲ್ಲ. ಬದಲಾಗಿದ್ದು ಪುಟದ ಚಿತ್ರವೇ.

ಕಾರಣ ಜೆಬಿಗ್2 ಎಂಬ ಸಂಕೋಚನ ವಿಧಾನದ ಒಂದು ಬಗೆ. ಫೈಲ್ ಚಿಕ್ಕದಾಗಲೆಂದು ಅದು ಪುಟದ ಪುಟ್ಟ ತುಣುಕುಗಳನ್ನು ಹೋಲಿಸಿ ನೋಡುತ್ತದೆ. ಎರಡು ತುಣುಕು ಹೆಚ್ಚುಕಡಿಮೆ ಒಂದೇ ಎನಿಸಿದರೆ ಒಂದನ್ನು ಮಾತ್ರ ಇಟ್ಟುಕೊಂಡು ಎರಡೂ ಕಡೆ ಅದನ್ನೇ ಅಂಟಿಸುತ್ತದೆ. 200 ಡಿಪಿಐನಲ್ಲಿ 7 ಪಾಯಿಂಟ್ ಅಂಕಿಯ ಎತ್ತರ ಸುಮಾರು 14 ಚುಕ್ಕಿ ಮಾತ್ರ. ಅಷ್ಟರಲ್ಲಿ 6ಕ್ಕೂ 8ಕ್ಕೂ ಉಳಿಯುವ ವ್ಯತ್ಯಾಸ ಬೆರಳೆಣಿಕೆಯ ಚುಕ್ಕಿಗಳು. ಜೆಪೆಗ್‌ನಲ್ಲಿ ಗುಣಮಟ್ಟ ಕುಸಿದರೆ ಅಂಕಿ ಮಸುಕಾಗಿ ನಮ್ಮನ್ನು ಎಚ್ಚರಿಸುತ್ತದೆ. ಇಲ್ಲಿ ತಪ್ಪು ಅಂಕಿಯೂ ಸ್ಫುಟವಾಗಿಯೇ ಮೂಡುತ್ತದೆ. ನನಗೆ ಭಯ ಹುಟ್ಟಿಸುವುದು ಇದೇ.

ಆದ್ದರಿಂದ ಬಿಲ್, ವೋಚರ್, ಲೆಡ್ಜರ್‌ಗಳಿಗೆ ಮೊದಲು ರೆಸಲ್ಯೂಷನ್ 300 ಡಿಪಿಐಗೆ ಏರಿಸಿ. ಅಂಕಿ ತೀರಾ ಚಿಕ್ಕದಿದ್ದರೆ 400 ಇರಲಿ. ಬಳಿಕ ‘ಕಾಂಪ್ಯಾಕ್ಟ್ ಪಿಡಿಎಫ್’, ‘ಹೈ ಕಂಪ್ರೆಷನ್’ನಂಥ ಆಯ್ಕೆಗಳನ್ನು ತೆಗೆದುಹಾಕಿ. ಶುದ್ಧ ಕಪ್ಪು-ಬಿಳುಪಿನ ಪುಟಕ್ಕೆ ಸಿಸಿಐಟಿಟಿ ಗ್ರೂಪ್ 4 ಆರಿಸಿ. ಅದು ಒಂದು ಚುಕ್ಕಿಯನ್ನೂ ಕಳೆಯುವುದಿಲ್ಲ. ಮುದ್ರೆ, ಪೆನ್ಸಿಲ್ ಗುರುತು, ಮಾಸಿದ ರಸೀದಿ ಇದ್ದರೆ ಗ್ರೇಸ್ಕೇಲ್‌ನಲ್ಲಿ ಹೆಚ್ಚು ಗುಣಮಟ್ಟದ ಜೆಪೆಗ್ ಸಾಕು. ಜೆಬಿಗ್2ನಲ್ಲೂ ‘ಲಾಸ್‌ಲೆಸ್’ ಬಗೆ ಸುರಕ್ಷಿತವೇ, ಆದರೆ ಎಷ್ಟೋ ಯಂತ್ರಗಳ ಮೆನುವಿನಲ್ಲಿ ಯಾವ ಬಗೆ ಎಂದು ಬರೆದಿರುವುದಿಲ್ಲ. ಪಿಡಿಎಫ್/ಎ ಆರಿಸಿದರೆ ಸಾಕೆಂದೂ ನಂಬಬೇಡಿ. ಆ ಮಾದರಿ ಜೆಬಿಗ್2ಗೆ ಅವಕಾಶ ಕೊಡುತ್ತದೆ.

ಹಳೆಯ ಫೈಲಿನಲ್ಲಿ ಏನು ಬಳಕೆಯಾಗಿದೆ ಎಂದು ತಿಳಿಯಲು, ಪಾಪ್ಲರ್ ತಂತ್ರಾಂಶ ಇರುವ ಕಂಪ್ಯೂಟರಿನಲ್ಲಿ ಹೀಗೆ ಬರೆಯಿರಿ:

```
pdfimages -list bill.pdf
```

`enc` ಕಾಲಂನಲ್ಲಿ `ccitt` ಅಥವಾ `jpeg` ಇದ್ದು, ಫೈಲು ಸ್ಕ್ಯಾನರಿನಿಂದ ನೇರವಾಗಿ ಬಂದದ್ದಾದರೆ ಈ ಬಗೆಯ ಅದಲುಬದಲಿನ ಭಯವಿಲ್ಲ. `jbig2` ಕಂಡರೆ ಅದು ಯಾವ ಬಗೆಯದೆಂದು ಇಲ್ಲಿ ಗೊತ್ತಾಗುವುದಿಲ್ಲ. ಆ ಪುಟವನ್ನು ಮೂಲದೊಂದಿಗೆ ತಾಳೆ ನೋಡಲೇಬೇಕು. ಮೂಲ ಕೈಯಲ್ಲಿಲ್ಲದಿದ್ದರೆ ಬಾಬ್ತುಗಳನ್ನು ಕೂಡಿ ಕೆಳಗಿನ ಮೊತ್ತಕ್ಕೆ ಹೊಂದುತ್ತದೆಯೇ ನೋಡಿ. ಬಿಲ್ ನಂಬರು, ಜಿಎಸ್‌ಟಿ ಸಂಖ್ಯೆಗಳನ್ನು ಕೂಡಿ ನೋಡುವಂತಿಲ್ಲವಾದ್ದರಿಂದ ಅವುಗಳ ತಪ್ಪು ಹೀಗೆ ಸಿಗದು.

ಯಂತ್ರವನ್ನೇ ಪರೀಕ್ಷಿಸಲು 7 ಪಾಯಿಂಟ್‌ನಲ್ಲಿ 6 ಮತ್ತು 8ಗಳನ್ನು ಬೆರೆಸಿದ ಅಂಕಿಗಳ ಒಂದು ಹಾಳೆ ಮುದ್ರಿಸಿ, ನಿತ್ಯದ ಸೆಟ್ಟಿಂಗ್‌ನಲ್ಲೇ ಸ್ಕ್ಯಾನ್ ಮಾಡಿ ಸಾಲುಸಾಲಾಗಿ ಹೋಲಿಸಿ. ತಪ್ಪು ಸಿಕ್ಕರೆ ಸೆಟ್ಟಿಂಗ್ ಕೆಟ್ಟದ್ದೆಂಬುದು ಖಚಿತ. ಸಿಗದಿದ್ದರೆ ಸುರಕ್ಷಿತವೆಂದು ಅರ್ಥವಲ್ಲ. ಝೆರಾಕ್ಸ್ ತಿದ್ದುಪಡಿ ತಂತ್ರಾಂಶ ಹೊರತಂದರೂ, ಮೊದಲೇ ಬದಲಾಗಿಹೋದ ಫೈಲುಗಳನ್ನು ಅದು ಸರಿಪಡಿಸಲಾರದು. ಹಾಗಾಗಿ ತಾಳೆ ಮುಗಿಯುವ ತನಕ ಕಾಗದದ ಮೂಲವನ್ನು ರದ್ದಿಗೆ ಹಾಕಬೇಡಿ.