15.7 ಬರಬೇಕಿತ್ತು, 15.2 ಬಂತು

ಫಸ್ಟ್ ಇಯರ್‌ನ ಎಲೆಕ್ಟ್ರಿಕಲ್ ಲ್ಯಾಬ್ ನೆನಪಿದೆಯಾ? ಎರಡು ರೆಸಿಸ್ಟರ್‌ಗಳನ್ನ ಸೀರೀಸ್‌ನಲ್ಲಿ ಹಾಕಿ, ಕರೆಂಟ್ ಅಳೆದು, ಲೆಕ್ಕದ ಜೊತೆ ಹೋಲಿಸಿ ಬರೆಯುವ ಪ್ರಯೋಗ. ಎಲ್ಲರೂ ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಕ್ಯಾಂಟೀನಿಗೆ ಹೋಗ್ತಾರೆ. ನಮ್ಮ ಬ್ಯಾಚ್‌ಗೆ ಮಾತ್ರ ಅದು ಎರಡು ವಾರ ಹಿಡಿಯಿತು. ಈ ವರ್ಷ ಅದೇ ಲ್ಯಾಬ್ ಮಾಡ್ತಿರೋ ಜೂನಿಯರ್‌ಗಳಿಗೆ ಉಪಯೋಗ ಆಗಬಹುದು ಅಂತ ಬರೀತಿದ್ದೀನಿ.

ನಮಗೆ ಕೊಟ್ಟಿದ್ದು 100 ಓಮ್ ಒಂದು, 220 ಓಮ್ ಒಂದು. ಎರಡರಲ್ಲೂ ಕೊನೆಯ ಪಟ್ಟಿ ಚಿನ್ನದ ಬಣ್ಣ, ಅಂದ್ರೆ ಬೆಲೆ ಶೇಕಡಾ 5ರಷ್ಟು ಆಚೀಚೆ ಇರಬಹುದು. ಸಪ್ಲೈ 5 ವೋಲ್ಟ್. ಒಟ್ಟು 320 ಓಮ್, ಹಾಗಾಗಿ I = V / R ಪ್ರಕಾರ 15.6 ಮಿಲಿಆಂಪ್ ಬರಬೇಕು. ಮಲ್ಟಿಮೀಟರನ್ನ 20 ಮಿಲಿಆಂಪ್ ರೇಂಜ್‌ಗೆ ತಿರುಗಿಸಿ ಸರ್ಕ್ಯೂಟ್ ಮಧ್ಯೆ ಸೇರಿಸಿದ್ವಿ. 15.20 ತೋರಿಸ್ತು. ವ್ಯತ್ಯಾಸ ಶೇಕಡಾ 2.7. ರೆಸಿಸ್ಟರ್‌ಗೇ 5 ಪರ್ಸೆಂಟ್ ರಿಯಾಯಿತಿ ಇರುವಾಗ 2.7 ಏನು ಮಹಾ? "ಟಾಲರೆನ್ಸ್ ಒಳಗೇ ಇದೆ, ಮಾನವ ದೋಷವೂ ಇರಬಹುದು" ಅಂತ ರೆಕಾರ್ಡ್‌ನಲ್ಲಿ ಬರೆದು ಸಹಿಗೆ ಕೊಟ್ವಿ.

ಮ್ಯಾಮ್ ಓದಿ ಕೇಳಿದ್ದು ಒಂದೇ ಪ್ರಶ್ನೆ: "ಟಾಲರೆನ್ಸ್ ಅಂತೀರಲ್ಲಪ್ಪಾ, ರೆಸಿಸ್ಟರ್ ಅಳೆದು ನೋಡಿದ್ರಾ?" ನೋಡಿರಲಿಲ್ಲ.

ಇಲ್ಲಿ ಒಂದು ವಿಷಯ ಅರ್ಥ ಮಾಡ್ಕೋಬೇಕು. 5 ಪರ್ಸೆಂಟ್ ಅನ್ನೋದು ಕಾರ್ಖಾನೆಯವರು ಕೊಡೋ ಗಡಿ. ಆ ತುಂಡು ನಿಮ್ಮ ಕೈಗೆ ಬಂದ ಮೇಲೆ ಅದಕ್ಕೆ ಅದರದೇ ಒಂದು ಬೆಲೆ ಇರುತ್ತೆ, ಅದನ್ನ ಅಳೆಯಬಹುದು. ಅಳೆಯದೆ ಬಿಟ್ಟು ಟಾಲರೆನ್ಸ್ ಮೇಲೆ ಹಾಕೋದು ಸೋಮಾರಿತನ ಅಷ್ಟೆ.

ಮುಂದಿನ ವಾರ ಅಳೆದ್ವಿ. ಮೊದಲು ಸಪ್ಲೈ ಬಿಡಿಸಿ, ರೆಸಿಸ್ಟರ್‌ಗಳನ್ನ ಬ್ರೆಡ್‌ಬೋರ್ಡ್‌ನಿಂದ ತೆಗೆದ್ವಿ. ಪವರ್ ಇರುವಾಗ ಓಮ್ಸ್ ರೇಂಜ್ ಇಟ್ಟರೆ ಬರೋ ಸಂಖ್ಯೆಗೆ ಅರ್ಥ ಇಲ್ಲ, ಮೀಟರೂ ಕೆಡಬಹುದು. ಪ್ರೋಬ್‌ಗಳ ತುದಿಗಳನ್ನ ಒಂದಕ್ಕೊಂದು ಮುಟ್ಟಿಸಿದಾಗ 0.4 ಓಮ್ ತೋರಿಸ್ತು. ಅದು ವೈರಿನದು, ಹಾಗಾಗಿ ಕಳೆಯಬೇಕು. 100 ಅಂತ ಬರೆದಿದ್ದ ರೆಸಿಸ್ಟರ್ ಕಳೆದ ಮೇಲೆ 99.1 ಬಂತು. 220ರದ್ದು 218. ಎರಡನ್ನೂ ಸೇರಿಸಿ ಅಳೆದರೆ 317. ಸಪ್ಲೈಯನ್ನೂ ಸರ್ಕ್ಯೂಟ್ ಜೋಡಿಸಿದ ಸ್ಥಿತಿಯಲ್ಲೇ ನೋಡಿದ್ವಿ: 4.98 ವೋಲ್ಟ್.

ಈಗ ಹೊಸ ಲೆಕ್ಕ: 4.98 / 317, ಅಂದ್ರೆ 15.7 ಮಿಲಿಆಂಪ್. ಮೀಟರ್ ಮಾತ್ರ ಮತ್ತೆ 15.20. ವ್ಯತ್ಯಾಸ 2.7ರಿಂದ 3.2 ಪರ್ಸೆಂಟ್‌ಗೆ ಏರಿತ್ತು! ಕಷ್ಟಪಟ್ಟು ಸರಿಯಾಗಿ ಅಳೆದದ್ದಕ್ಕೆ ಉತ್ತರ ಇನ್ನೂ ಕೆಟ್ಟಿತು. "ಲೋ, 15.6 ಅಂತ ಬರೆದುಬಿಡೋ, ಯಾರು ಕೇಳ್ತಾರೆ" ಅಂದ ನನ್ನ ಪಾರ್ಟ್ನರ್. ಸುಳ್ಳು ಹೇಳಲ್ಲ, ಪೆನ್ನು ಕೈಯಲ್ಲೇ ಇತ್ತು. ಬರೆದಿದ್ದರೆ ಮುಂದಿನದು ಯಾವುದೂ ಗೊತ್ತಾಗ್ತಿರಲಿಲ್ಲ.

ರೆಸಿಸ್ಟರ್ ಬಿಸಿಯಾಗಿ ಹೀಗಾಯ್ತು ಅಂತಾನೂ ತುಂಬಾ ಜನ ಬರೀತಾರೆ. ಲೆಕ್ಕ ಹಾಕಿ ನೋಡಿ: 220ರಲ್ಲಿ ಖರ್ಚಾಗೋ ಪವರ್ ಸುಮಾರು 0.05 ವ್ಯಾಟ್. ಅದು ಕಾಲು ವ್ಯಾಟಿನ ರೆಸಿಸ್ಟರ್. ಮುಟ್ಟಿದರೆ ಬೆಚ್ಚಗಾಗಿರೋದೂ ಗೊತ್ತಾಗಲ್ಲ. ಅದೂ ಅಲ್ದೆ ಕಾರ್ಬನ್ ಫಿಲ್ಮ್ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಸ್ವಲ್ಪ ಇಳಿಯುತ್ತೆ, ಕರೆಂಟ್ ಏರಬೇಕು. ನಮ್ಮದು ಕಡಿಮೆ ಆಗಿತ್ತು. ಅದಕ್ಕೇ ವ್ಯತ್ಯಾಸ ಬರೆಯುವಾಗ ಪ್ಲಸ್ಸೋ ಮೈನಸ್ಸೋ ಅನ್ನೋದನ್ನೂ ಬರೆಯಬೇಕು. ಬರೀ "3.2 ಪರ್ಸೆಂಟ್ ಎರರ್" ಅಂದರೆ ಸುಳಿವು ಕಳೆದುಹೋಗುತ್ತೆ.

ಸುಳಿವು ಸಿಕ್ಕಿದ್ದು ಆಕಸ್ಮಿಕವಾಗಿ. ಪಾರ್ಟ್ನರ್ ಬೇಜಾರಿಗೆ ಮೀಟರಿನ ನಾಬನ್ನ 200 ಮಿಲಿಆಂಪ್ ರೇಂಜ್‌ಗೆ ತಿರುಗಿಸಿದ. ಡಿಸ್‌ಪ್ಲೇ 15.6 ಅಂತು. ವಾಪಸ್ 20ಕ್ಕೆ ತಂದರೆ 15.20. ಸರ್ಕ್ಯೂಟನ್ನ ಯಾರೂ ಮುಟ್ಟಿರಲಿಲ್ಲ. ನೋಡೋ ರೇಂಜ್ ಬದಲಾದರೆ ಕರೆಂಟ್ ಯಾಕೆ ಬದಲಾಗಬೇಕು?

ಯಾಕಂದ್ರೆ ಮೀಟರೂ ಸರ್ಕ್ಯೂಟಿನ ಒಂದು ಭಾಗವೇ. ಇಂಥ ಅಗ್ಗದ ಡಿಜಿಟಲ್ ಮೀಟರ್ ಕರೆಂಟನ್ನ ನೇರವಾಗಿ ಅಳೆಯಲ್ಲ. ಒಳಗಿರೋ ಒಂದು ಸಣ್ಣ ರೆಸಿಸ್ಟರ್ ಮೂಲಕ ಕರೆಂಟನ್ನ ಹರಿಸಿ, ಅದರ ಮೇಲೆ ಬೀಳೋ ವೋಲ್ಟೇಜನ್ನ ಓದುತ್ತೆ. ಆ ರೆಸಿಸ್ಟರಿಗೆ ಶಂಟ್ ಅಂತ ಹೆಸರು. ನಮ್ಮ ಮೀಟರ್ ಥರದವುಗಳಲ್ಲಿ ರೇಂಜ್ ತುಂಬಿದಾಗ ಶಂಟ್ ಮೇಲೆ 200 ಮಿಲಿವೋಲ್ಟ್ ಬೀಳೋ ಹಾಗೆ ಮಾಡಿರ್ತಾರೆ. 200 ಮಿಲಿವೋಲ್ಟನ್ನ 20 ಮಿಲಿಆಂಪಿನಿಂದ ಭಾಗಿಸಿದರೆ 10 ಓಮ್. 200 ಮಿಲಿಆಂಪ್ ರೇಂಜ್‌ನಲ್ಲಿ 1 ಓಮ್ ಮಾತ್ರ. ಅಂದ್ರೆ ನಾವು 317 ಓಮ್ ಅಂದುಕೊಂಡಿದ್ದ ದಾರಿಯಲ್ಲಿ, ನಾವೇ ಹತ್ತು ಓಮ್ ಚಿಲ್ಲರೆ ತಂದು ಕೂರಿಸಿದ್ವಿ. ಆ ಚಿಲ್ಲರೆ ಫ್ಯೂಸ್ ಮತ್ತು ಪ್ರೋಬ್ ವೈರಿನದು.

ಇದನ್ನ ಮ್ಯಾಮ್‌ಗೆ ಖುಷಿಯಿಂದ ಹೇಳಿದ್ವಿ. ಅವರು ಒಪ್ಪಲಿಲ್ಲ. "ಎರಡು ರೇಂಜಿನ ಕ್ಯಾಲಿಬ್ರೇಶನ್ ಬೇರೆ ಬೇರೆ ಇದ್ದರೂ ಹೀಗೇ ಆಗಬಹುದಲ್ವಾ? ಸಾಬೀತು ಮಾಡಿ" ಅಂದ್ರು. ನ್ಯಾಯವಾದ ಮಾತು. ಪಕ್ಕದ ಟೇಬಲ್‌ನಿಂದ ಇನ್ನೊಂದು ಮೀಟರ್ ತಂದು, ಅದನ್ನ ವೋಲ್ಟೇಜ್ ರೇಂಜ್‌ಗೆ ಇಟ್ಟು, ಕರೆಂಟ್ ಅಳೀತಿದ್ದ ಮೊದಲ ಮೀಟರಿನ ಎರಡು ಪ್ರೋಬ್‌ಗಳ ತುದಿಗೆ ಹಿಡಿದ್ವಿ. 165.7 ಮಿಲಿವೋಲ್ಟ್. ಕದ್ದ ಮಾಲು ಸಿಕ್ಕಿತು! 4.98ರಲ್ಲಿ 0.166 ಮೀಟರ್ ತಿಂದರೆ ರೆಸಿಸ್ಟರ್‌ಗಳಿಗೆ ಉಳಿಯೋದು 4.814 ವೋಲ್ಟ್. ಅದನ್ನ 317ರಿಂದ ಭಾಗಿಸಿ: 15.19 ಮಿಲಿಆಂಪ್. ಮೀಟರ್ ಓದಿದ್ದು 15.20. ಗಮನಿಸಿ, ಈ ಲೆಕ್ಕದಲ್ಲಿ ಮೀಟರ್ ತೋರಿಸಿದ ಕರೆಂಟನ್ನ ಎಲ್ಲೂ ಬಳಸಿಲ್ಲ. ಬಳಸಿದ್ದರೆ ಉತ್ತರದಿಂದಲೇ ಉತ್ತರ ತೆಗೆದ ಹಾಗಾಗ್ತಿತ್ತು.

ಹಾಗಾಗಿ ಮೀಟರ್ ಸುಳ್ಳು ಹೇಳಿರಲಿಲ್ಲ. ಆ ಕ್ಷಣ ಹರೀತಿದ್ದ ಕರೆಂಟ್ ನಿಜವಾಗಿಯೂ 15.2. ತಪ್ಪಿದ್ದು ನಮ್ಮ ಊಹೆ: ಮೀಟರ್ ಇಲ್ಲದ ಸರ್ಕ್ಯೂಟಿಗೆ ಲೆಕ್ಕ ಹಾಕಿ, ಮೀಟರ್ ಇರೋ ಸರ್ಕ್ಯೂಟನ್ನ ಅಳೆದಿದ್ವಿ.

ರೆಕಾರ್ಡ್‌ನಲ್ಲಿ ಕೊನೆಗೆ ಮೂರು ಊಹೆಗಳನ್ನೂ ಬರೆದ್ವಿ. ಬಣ್ಣದ ಪಟ್ಟಿಯಿಂದ 15.6, ಅಳೆದ ಬೆಲೆಯಿಂದ 15.7, ಮೀಟರನ್ನೂ ಸೇರಿಸಿ 15.19. ಅಳತೆಯ ಕಾಲಮ್‌ನಲ್ಲಿ 15.20, ಪಕ್ಕದಲ್ಲಿ ಯಾವ ರೇಂಜ್ ಅನ್ನೋದು. ರೇಂಜ್ ಬರೆಯದ ರೀಡಿಂಗನ್ನ ಇನ್ನೊಬ್ಬರು ಪರೀಕ್ಷಿಸೋಕೆ ಆಗಲ್ಲ. ಮೊದಲ ಡ್ರಾಫ್ಟ್‌ನಲ್ಲಿ ಕ್ಯಾಲ್ಕುಲೇಟರ್ ನೋಡಿ 15.7098 ಅಂತ ಬರೆದಿದ್ದೆ. ಅದನ್ನ ಹೊಡೆದುಹಾಕಿದೆ. 317 ಅನ್ನೋ ಸಂಖ್ಯೆಯೇ ಒಂದೆರಡು ಓಮ್ ಆಚೀಚೆ ಇರಬಹುದಾದಾಗ ಆ 98ಕ್ಕೆ ಬೆಲೆ ಇಲ್ಲ. ಅದೇ ಕಾರಣಕ್ಕೆ 15.19ಕ್ಕೂ 15.20ಕ್ಕೂ ಅಷ್ಟು ಚೆನ್ನಾಗಿ ಹೊಂದಿದ್ದು ಸ್ವಲ್ಪ ಅದೃಷ್ಟವೂ ಹೌದು.

ಹಾಗಾದ್ರೆ ಯಾವಾಗಲೂ 200ರ ರೇಂಜ್‌ನಲ್ಲೇ ಅಳೆಯಬಹುದಲ್ಲ ಅಂದ್ರೆ, ಅಲ್ಲಿ ಒಂದು ಅಂಕಿ ಕಳ್ಕೋತೀರಿ. ನಮಗೆ ಇಷ್ಟವಾದದ್ದು ಬೇರೆ ದಾರಿ. ಕರೆಂಟ್ ಮೀಟರನ್ನ ತೆಗೆದೇ ಹಾಕಿ, 99.1 ಓಮ್ ರೆಸಿಸ್ಟರಿನ ಎರಡು ತುದಿಗೆ ವೋಲ್ಟ್‌ಮೀಟರ್ ಹಿಡಿದ್ವಿ. 1.556 ವೋಲ್ಟ್ ಬಂತು. 99.1ರಿಂದ ಭಾಗಿಸಿದರೆ 15.7. ವೋಲ್ಟ್‌ಮೀಟರಿನ ಒಳಗಿನ ರೆಸಿಸ್ಟೆನ್ಸ್ ಹತ್ತು ಲಕ್ಷ ಓಮ್ ಇರೋದರಿಂದ 99 ಓಮ್ ಪಕ್ಕ ಅದು ಇದ್ದೂ ಇಲ್ಲದಂತೆ. ಆದರೆ ನಿಮ್ಮ ರೆಸಿಸ್ಟರೇ ಲಕ್ಷಗಟ್ಟಲೆ ಓಮ್ ಇದ್ದರೆ ಈ ಉಪಾಯ ನಡೆಯಲ್ಲ. ಆಗ ವೋಲ್ಟ್‌ಮೀಟರೇ ಕರೆಂಟ್ ಕದಿಯೋಕೆ ಶುರು ಮಾಡುತ್ತೆ.